ಮಂಡಿಯೊಳಗಿನ ನೀರಿನ ಲೆಕ್ಕ

ಪರಂಗಿಕಾಯಿಯನ್ನು ಗೀರಿದಾಗ ಒಸರುವ ಬಿಳಿ ಹಾಲಿನಲ್ಲಿ ಪಪೇನ್ ಎಂಬ ಕಿಣ್ವವಿದೆ. ಬಲಿತ ಮಾಂಸ ಬೇಗ ಬೇಯಲೆಂದು ಪರಂಗಿಕಾಯಿ ಅರೆದು ಹಚ್ಚಿಡುವುದು ಈ ಕಿಣ್ವವನ್ನು ನಂಬಿಯೇ. ಅದು ಪ್ರೋಟೀನುಗಳನ್ನು ತುಂಡರಿಸುತ್ತದೆ. ಅಮೆರಿಕದ ವೈದ್ಯವಿಜ್ಞಾನಿ ಲೂಯಿಸ್ ಥಾಮಸ್ ಈ ಪಪೇನನ್ನು ಮೊಲಗಳ ರಕ್ತನಾಳಕ್ಕೆ ಚುಚ್ಚಿ ನೋಡುತ್ತಿದ್ದರು. ಅವರು ಹುಡುಕುತ್ತಿದ್ದುದು ಬೇರೇನನ್ನೋ. ಆದರೆ ಚುಚ್ಚಿದ ಮರುದಿನದ ಹೊತ್ತಿಗೆ ಮೊಲಗಳ ನೆಟ್ಟಗಿನ ಕಿವಿಗಳು ಬಾಡಿದ ಎಲೆಯ ಹಾಗೆ ಜೋತುಬಿದ್ದಿದ್ದವು. ಮೊಲಗಳಿಗೆ ಬೇರೆ ಯಾವ ತೊಂದರೆಯೂ ಆದಂತೆ ಕಾಣಲಿಲ್ಲ. ಮೂರು ನಾಲ್ಕು ದಿನಗಳಲ್ಲಿ ಕಿವಿಗಳು ತಾವಾಗಿಯೇ ಮತ್ತೆ ಎದ್ದು ನಿಂತವು.

ಥಾಮಸ್ ಮೊದಲ ಸಲ ಕಿವಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಜೀವಕೋಶಗಳೆಲ್ಲ ಸರಿಯಾಗಿದ್ದವು. ಅವರು ಆ ವಿಷಯವನ್ನು ಅಲ್ಲಿಗೇ ಬಿಟ್ಟರು. ವರ್ಷಗಳ ನಂತರ ವಿದ್ಯಾರ್ಥಿಗಳಿಗೆ ಇದನ್ನು ತೋರಿಸಲು ಹೊರಟಾಗ ಪಪೇನ್ ಕೊಟ್ಟ ಮೊಲದ ಕಿವಿಯನ್ನೂ ಕೊಡದ ಮೊಲದ ಕಿವಿಯನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರು. ಆಗ ವ್ಯತ್ಯಾಸ ಕಂಡಿತು. ಬದಲಾದದ್ದು ಕೋಶಗಳಲ್ಲ, ಕೋಶಗಳ ನಡುವೆ ತುಂಬಿಕೊಂಡಿದ್ದ ವಸ್ತು. ಅದರಲ್ಲಿ ಬಹುಪಾಲು ಮಾಯವಾಗಿತ್ತು. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೀಗೆ ಮಾಯವಾದದ್ದು ಎಲ್ಲಿ ಹೋಯಿತೆಂದು ಹುಡುಕಿದವರಿಗೆ ಅದು ಮೊಲಗಳ ಮೂತ್ರದಲ್ಲಿ ಸಿಕ್ಕಿತು. ಅದರ ಹೆಸರು ಕಾಂಡ್ರಾಯ್ಟಿನ್ ಸಲ್ಫೇಟ್. ಮಂಡಿನೋವಿನ ಮಾತ್ರೆ ನುಂಗುವವರಿಗೆ ಈ ಹೆಸರು ಹೊಸದಲ್ಲ. ಮಾತ್ರೆಯ ಪಟ್ಟಿಯ ಮೇಲೆ ಗ್ಲುಕೋಸಮಿನ್ ಪಕ್ಕದಲ್ಲಿ ಅಚ್ಚಾಗಿರುತ್ತದೆ.

ಒಂದು ಸಕ್ಕರೆಯ ಸರಪಳಿ ಹೊರಟುಹೋದರೆ ಕಿವಿ ಏಕೆ ಬೀಳಬೇಕು? ಇದಕ್ಕೆ ಉತ್ತರ ಸಿಕ್ಕರೆ ನಮ್ಮ ಮಂಡಿ ನಮ್ಮನ್ನು ಹೇಗೆ ಹೊರುತ್ತದೆ, ಅದು ಸವೆಯುವುದೆಂದರೆ ಏನು ಎಂಬುದೂ ಅರ್ಥವಾಗುತ್ತದೆ.

ಮೊಲದ ಕಿವಿಯೊಳಗೂ ನಮ್ಮ ಮಂಡಿಯ ಮೂಳೆಗಳ ತುದಿಯಲ್ಲೂ ಇರುವುದು ಮೃದ್ವಸ್ಥಿ. ಎರಡೂ ಒಂದೇ ಬಗೆಯವಲ್ಲ, ಆದರೆ ಸೋದರ ಸಂಬಂಧಿಗಳು. ಮಂಡಿಯಲ್ಲಿ ಅದು ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪದ, ಮುತ್ತಿನ ಹೊಳಪಿನ ಬಿಳಿ ಹೊದಿಕೆ. ಅದಕ್ಕೆ ರಕ್ತನಾಳವಿಲ್ಲ, ನರವಿಲ್ಲ. ಜೀವಕೋಶಗಳೂ ವಿರಳ, ಒಟ್ಟು ಗಾತ್ರದ ನೂರಕ್ಕೆ ಕೆಲವೇ ಪಾಲು. ಉಳಿದದ್ದೆಲ್ಲ ಆ ಕೋಶಗಳು ತಮ್ಮ ಸುತ್ತ ಹೊರಗೆ ಕಟ್ಟಿಕೊಂಡ ಹಂದರ. ಆ ಹಂದರದ ತೂಕದಲ್ಲಿ ಮುಕ್ಕಾಲು ಭಾಗದಷ್ಟು ಬರೀ ನೀರು.

ಇಷ್ಟು ನೀರಿದ್ದರೂ ಮೃದ್ವಸ್ಥಿಯ ಚೂರೊಂದನ್ನು ಕತ್ತರಿಸಿ ಇಟ್ಟರೆ ಅದರಿಂದ ನೀರು ತೊಟ್ಟಿಕ್ಕುವುದಿಲ್ಲ. ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ಎದುರೊತ್ತುತ್ತದೆ. ನೀರು ಸಕ್ಕರೆಯ ಸರಪಳಿಗಳಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಹೊರಬರುವುದಿಲ್ಲ ಎಂದು ಹಲವು ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಆ ವಿವರಣೆ ಸಾಲದು. ಅಲ್ಲಿನ ನೀರಿನ ಹೆಚ್ಚಿನ ಪಾಲು ಯಾವುದಕ್ಕೂ ಅಂಟಿಕೊಂಡಿಲ್ಲ, ಹೊರಗಿನ ನೀರಿನಂತೆಯೇ ಓಡಾಡಿಕೊಂಡಿರುತ್ತದೆ. ಅದು ಒಳಗೇ ಉಳಿಯುವುದಕ್ಕೆ ಕಾರಣ ವಿದ್ಯುತ್ತಿನ ಆವೇಶ.

ಆ ಆವೇಶ ಎಲ್ಲಿಂದ ಬಂತೆಂದು ತಿಳಿಯಲು ಕಾಂಡ್ರಾಯ್ಟಿನ್ ಸಲ್ಫೇಟನ್ನು ಹತ್ತಿರದಿಂದ ನೋಡಬೇಕು. ಅದು ಎರಡು ಸಕ್ಕರೆಗಳ ಜೋಡಿ ಮತ್ತೆ ಮತ್ತೆ ಪೋಣಿಸಿಕೊಂಡು ಹೋಗುವ ಉದ್ದನೆಯ ಸರಪಳಿ. ಜೋಡಿಯ ಒಂದು ಸಕ್ಕರೆಯಲ್ಲಿ ಆಮ್ಲದ ಗುಂಪು ಇರುತ್ತದೆ, ಇನ್ನೊಂದರ ಮೇಲೆ ಸಲ್ಫೇಟ್ ಗುಂಪು. ದೇಹದ ದ್ರವದಲ್ಲಿ ಈ ಎರಡೂ ಋಣಾವೇಶ ಹೊತ್ತಿರುತ್ತವೆ. ಅಂದರೆ ಪ್ರತಿ ಜೋಡಿಗೆ ಎರಡು ಋಣಾವೇಶ. ಇಂಥ ಸಕ್ಕರೆ ಸರಪಳಿಗಳ ಕುಟುಂಬಕ್ಕೆ ಗ್ಲೈಕೋಸಮಿನೋಗ್ಲೈಕಾನ್ ಎಂಬ ಉದ್ದದ ಹೆಸರಿದೆ. ಪ್ರಯೋಗಾಲಯದವರು ಚಿಕ್ಕದಾಗಿ ಗ್ಯಾಗ್ ಎನ್ನುತ್ತಾರೆ.

ಮೃದ್ವಸ್ಥಿಯಲ್ಲಿ ಈ ಸರಪಳಿಗಳು ಬಿಡಿಬಿಡಿಯಾಗಿ ಇರುವುದಿಲ್ಲ. ಉದ್ದನೆಯ ಒಂದು ಪ್ರೋಟೀನಿನ ದಂಟಿಗೆ ಸುಮಾರು ನೂರು ಕಾಂಡ್ರಾಯ್ಟಿನ್ ಸಲ್ಫೇಟ್ ಸರಪಳಿಗಳು ಎಲ್ಲ ಕಡೆಯಿಂದಲೂ ಅಂಟಿಕೊಂಡಿರುತ್ತವೆ. ಅವುಗಳ ಜೊತೆಗೆ ಕೆರಟಾನ್ ಸಲ್ಫೇಟ್ ಎಂಬ ಚಿಕ್ಕ ಸರಪಳಿಗಳೂ ಇರುತ್ತವೆ. ಪ್ರೋಟೀನಿನ ದಂಟಿಗೆ ಸಕ್ಕರೆ ಸರಪಳಿ ಸೇರಿ ಆದ ಇಂಥ ಅಣುಗಳು ಪ್ರೋಟಿಯೋಗ್ಲೈಕಾನ್‌ಗಳು. ಮೃದ್ವಸ್ಥಿಯ ಮುಖ್ಯ ಪ್ರೋಟಿಯೋಗ್ಲೈಕಾನ್‌ಗೆ ಅಗ್ರಿಕಾನ್ ಎಂದು ಹೆಸರು. ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಕ್ಕರೆಯೇ. ಒಂದು ಸರಪಳಿಯಲ್ಲಿ ನಲವತ್ತೈವತ್ತು ಜೋಡಿ, ಜೋಡಿಗೆ ಎರಡು ಆವೇಶ, ನೂರು ಸರಪಳಿ. ಗುಣಿಸಿದರೆ ಒಂದು ಅಣುವಿನಲ್ಲಿ ಹತ್ತಿರ ಹತ್ತು ಸಾವಿರ ಋಣಾವೇಶಗಳು.

ಈ ಅಗ್ರಿಕಾನ್ ಅಣುಗಳು ತಮ್ಮ ಒಂದು ತುದಿಯಿಂದ ಹೈಲುರೊನಾನ್ ಎಂಬ ಇನ್ನೂ ಉದ್ದದ ಎಳೆಯನ್ನು ಹಿಡಿದುಕೊಂಡಿರುತ್ತವೆ. ಹೈಲುರೊನಾನ್ ಕೂಡ ಗ್ಯಾಗ್ ಕುಟುಂಬದ್ದೇ, ಆದರೆ ಅದರಲ್ಲಿ ಸಲ್ಫೇಟ್ ಇಲ್ಲ. 1934ರಲ್ಲಿ ಕಾರ್ಲ್ ಮೆಯರ್ ಮತ್ತು ಜಾನ್ ಪಾಮರ್ ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ಒಂದು ಎಳೆಗೆ ಸಾಲಾಗಿ ಹತ್ತಾರು ಅಗ್ರಿಕಾನ್‌ಗಳು ಕೂತು ದೈತ್ಯ ಗೊಂಚಲಾಗುತ್ತವೆ. ಆ ಗೊಂಚಲು ಕೊಲ್ಲಾಜೆನ್ ನಾರುಗಳ ಬಲೆಯೊಳಗೆ ಸಿಕ್ಕಿಕೊಂಡಿರುವುದರಿಂದ ಅದಕ್ಕೆ ಹೊರಗೆ ಹೋಗುವ ದಾರಿಯಿಲ್ಲ. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಮಾತಿನ ಮೇಲೆ. ಋಣಾವೇಶಗಳು ಅಲ್ಲಿಯೇ ನೆಟ್ಟಿವೆ, ಅವು ಕದಲುವಂತಿಲ್ಲ.

ಯಾವ ವಸ್ತುವಿನಲ್ಲೂ ಋಣಾವೇಶವೊಂದೇ ಗುಡ್ಡೆಯಾಗಿ ಇರಲಾರದು. ಅದನ್ನು ಸರಿದೂಗಿಸಲು ಅಷ್ಟೇ ಧನಾವೇಶ ಪಕ್ಕದಲ್ಲಿ ಇರಲೇಬೇಕು. ದೇಹದ ದ್ರವದಲ್ಲಿ ಹೇರಳವಾಗಿ ಸಿಗುವ ಧನಾವೇಶದ ಕಣ ಸೋಡಿಯಂ, ನಾವು ತಿನ್ನುವ ಉಪ್ಪಿನ ಅರ್ಧ ಭಾಗ. ಹಾಗಾಗಿ ಸೋಡಿಯಂ ಒಳಗೆ ಬಂದು ಸೇರಿಕೊಳ್ಳುತ್ತದೆ. ಉಪ್ಪಿನ ಇನ್ನರ್ಧವಾದ ಕ್ಲೋರೈಡ್ ಋಣಾವೇಶದ್ದು. ಅದು ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಎಷ್ಟು ಒಳಗೆ, ಎಷ್ಟು ಹೊರಗೆ ಎಂಬುದಕ್ಕೆ ಐರಿಷ್ ರಸಾಯನವಿಜ್ಞಾನಿ ಫ್ರೆಡ್ರಿಕ್ ಡಾನನ್ 1911ರಲ್ಲಿ ನಿಯಮ ಕಂಡುಕೊಟ್ಟರು. ಸಮಸ್ಥಿತಿಗೆ ಬಂದಾಗ ಒಳಗಿನ ಸೋಡಿಯಂ ಮತ್ತು ಕ್ಲೋರೈಡ್ ಪ್ರಮಾಣಗಳ ಗುಣಲಬ್ಧ, ಹೊರಗಿನ ಆ ಎರಡರ ಗುಣಲಬ್ಧಕ್ಕೆ ಸಮ. ಇದನ್ನು ಮೃದ್ವಸ್ಥಿಗೆ ಹಚ್ಚಿ, ಅಳೆದು ತೋರಿಸಿದವರಲ್ಲಿ ಮುಖ್ಯರು ಆಲಿಸ್ ಮರೂದಾಸ್. ಅವರು ಮೊದಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ನಂತರ ಇಸ್ರೇಲಿನ ಟೆಕ್ನಿಯಾನ್‌ನಲ್ಲಿ ಕೆಲಸ ಮಾಡಿದವರು.

ಕಾಗದ, ಪೆನ್ಸಿಲ್ ಹಿಡಿದರೆ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ದೇಹದ ದ್ರವದಲ್ಲಿ ಲೀಟರಿಗೆ ಸುಮಾರು 150 ಮಿಲಿಮೋಲ್ ಸೋಡಿಯಂ, ಅಷ್ಟೇ ಕ್ಲೋರೈಡ್ ಇದೆ ಎಂದುಕೊಳ್ಳೋಣ. ಮಿಲಿಮೋಲ್ ಎಂದರೆ ಕಣಗಳನ್ನು ಎಣಿಸುವ ಅಳತೆ, ಇಲ್ಲಿಗೆ ಅಷ್ಟು ತಿಳಿದರೆ ಸಾಕು. 150ನ್ನು 150ರಿಂದ ಗುಣಿಸಿದರೆ 22,500. ಆರೋಗ್ಯವಂತ ಮೃದ್ವಸ್ಥಿಯಲ್ಲಿ ನೆಟ್ಟ ಋಣಾವೇಶ ಲೀಟರಿಗೆ 200 ಮಿಲಿಮೋಲ್ ಇರಲಿ. ಇದು ಕಲ್ಪನೆಯ ಸಂಖ್ಯೆಯಲ್ಲ, ಮಂಡಿಯ ಮೃದ್ವಸ್ಥಿಯಲ್ಲಿ ಹೆಚ್ಚುಕಡಿಮೆ ಇಷ್ಟೇ ಅಳೆದಿದ್ದಾರೆ. ಈಗ ಒಳಗೆ ಸೋಡಿಯಂ ಕ್ಲೋರೈಡಿಗಿಂತ 200 ಹೆಚ್ಚಿರಬೇಕು, ಎರಡರ ಗುಣಲಬ್ಧ 22,500 ಆಗಬೇಕು. ಅಂಥ ಜೋಡಿ ಸುಮಾರು 280 ಮತ್ತು 80. ಕೂಡಿಸಿದರೆ ಒಳಗೆ 360 ಕಣಗಳು. ಹೊರಗೆ 150ಕ್ಕೆ 150 ಸೇರಿ 300. ಒಳಗೆ 60 ಹೆಚ್ಚು.

ನೀರು ಒಳಗೆ ನುಗ್ಗುವುದು ಈ ಅರವತ್ತರ ಹೆಚ್ಚಳಕ್ಕಾಗಿ. ಉಪ್ಪಿನಕಾಯಿಗೆಂದು ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ನಿಲ್ಲುತ್ತದಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ನಿಯಮ. ಕಣಗಳು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಮೃದ್ವಸ್ಥಿಯಲ್ಲಿ ಒಂದೇ ವ್ಯತ್ಯಾಸ. ಒಳಗಿನ ಉಪ್ಪು ತೊಳೆದರೂ ಹೋಗದು, ಏಕೆಂದರೆ ಕದಲದ ಋಣಾವೇಶಗಳು ಅದನ್ನು ಹಿಡಿದಿಟ್ಟಿವೆ. 60 ಮಿಲಿಮೋಲ್ ಹೆಚ್ಚಳ ದೇಹದ ಉಷ್ಣತೆಯಲ್ಲಿ ಹುಟ್ಟಿಸುವ ಒತ್ತಡ ಸುಮಾರು ಒಂದೂವರೆ ವಾಯುಭಾರ. ಪೆಟ್ರೋಲ್ ಬಂಕಿನಲ್ಲಿ ಟಯರಿಗೆ ಗಾಳಿ ಅಳೆಯುವ ಮಾನದಲ್ಲಿ ಹೇಳಿದರೆ 22 ಪಿಎಸ್ಐ ಆಸುಪಾಸು. ನಾವು ಮಲಗಿ ನಿದ್ದೆ ಮಾಡುತ್ತಿರುವಾಗಲೂ ಮಂಡಿಯ ಮೃದ್ವಸ್ಥಿ ಒಳಗಿನಿಂದ ಇಷ್ಟು ಬಿಗಿಯಾಗಿ ಉಬ್ಬಿಕೊಂಡಿರುತ್ತದೆ.

ಹಾಗಾದರೆ ಅದು ಉಬ್ಬುತ್ತಲೇ ಹೋಗುವುದಿಲ್ಲವೇಕೆ? ಕೊಲ್ಲಾಜೆನ್ ಬಲೆ ಬಿಡುವುದಿಲ್ಲ. ಅಗ್ರಿಕಾನನ್ನು ಬಿಡಿಯಾಗಿ ನೀರಿನಲ್ಲಿ ಹಾಕಿದರೆ ಅದು ಹರಡಿಕೊಳ್ಳುವ ಜಾಗದ ಐದನೇ ಒಂದು ಪಾಲಿನಷ್ಟು ಮಾತ್ರ ಮೃದ್ವಸ್ಥಿಯಲ್ಲಿ ಅದಕ್ಕೆ ಸಿಗುತ್ತದೆ. ಒಳಗಿನಿಂದ ನೀರು ದೂಡುತ್ತದೆ, ಸುತ್ತಲಿನ ನಾರುಗಳು ಎಳೆದು ಹಿಡಿಯುತ್ತವೆ. ಕೊಲ್ಲಾಜೆನ್ ಎಳೆತಕ್ಕೆ ಗಟ್ಟಿ, ಆದರೆ ಒತ್ತಿದರೆ ದಾರದಂತೆ ಮಡಚಿಕೊಳ್ಳುತ್ತದೆ. ಅಗ್ರಿಕಾನ್ ಎಳೆತಕ್ಕೆ ಬರೀ ಲೋಳೆ, ಆದರೆ ಒತ್ತಿದರೆ ಎದುರೊತ್ತುತ್ತದೆ. ಎರಡೂ ಸೇರಿದಾಗ ಮಾತ್ರ ಭಾರ ಹೊರಬಲ್ಲ ವಸ್ತುವಾಗುತ್ತದೆ.

ಈ ಜಗ್ಗಾಟ ನಿಜವೆಂದು ಮರೂದಾಸ್ 1976ರಲ್ಲಿ ಸರಳವಾಗಿ ತೋರಿಸಿಕೊಟ್ಟರು. ಆರೋಗ್ಯವಂತ ಮೃದ್ವಸ್ಥಿಯ ಚೂರನ್ನು ಉಪ್ಪುನೀರಿನ ದ್ರಾವಣದಲ್ಲಿ ಇಟ್ಟರೆ ಅದು ಹೆಚ್ಚೇನೂ ಉಬ್ಬುವುದಿಲ್ಲ, ನಾರುಗಳು ಹಿಡಿದಿರುತ್ತವೆ. ಸವೆತ ಶುರುವಾದ ಮೃದ್ವಸ್ಥಿಯ ಚೂರಾದರೆ ಸ್ಪಷ್ಟವಾಗಿ ಉಬ್ಬುತ್ತದೆ. ಅದರ ನಾರಿನ ಬಲೆ ಸಡಿಲವಾಗಿದೆ ಎಂದರ್ಥ. ಮಂಡಿ ಸವೆದವರಿಗೆ ಮಂಡಿಯಲ್ಲಿ ನೀರು ಒಣಗಿದೆ ಎನ್ನುವ ಮಾತು ನಮ್ಮಲ್ಲಿ ಸಾಮಾನ್ಯ. ಮೃದ್ವಸ್ಥಿಯ ಮಟ್ಟಿಗೆ ಅದು ತಲೆಕೆಳಗಾದ ಮಾತು. ಸವೆತದ ಮೊದಲ ಹಂತದಲ್ಲಿ ಮೃದ್ವಸ್ಥಿಯ ನೀರಿನ ಪ್ರಮಾಣ ಹೆಚ್ಚುತ್ತದೆ. ನೀರು ಇದೆ, ಆದರೆ ಅದನ್ನು ಬಿಗಿಯಾಗಿ ಹಿಡಿದಿಡುವ ಒತ್ತಡ ಇಲ್ಲ.

ಇನ್ನು ಭಾರದ ವಿಷಯ. ಹೆಜ್ಜೆ ಹಾಕುವಾಗ ಮಂಡಿಯ ಮೇಲೆ ಬೀಳುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಆಗ ಮೃದ್ವಸ್ಥಿಯ ಮೇಲಿನ ಒತ್ತಡ ಹತ್ತಾರು ವಾಯುಭಾರಕ್ಕೆ ಏರುತ್ತದೆ. ಒಂದೂವರೆ ವಾಯುಭಾರದ ಉಬ್ಬರ ಇದನ್ನು ಹೇಗೆ ತಡೆದೀತು ಎಂದು ಓದುಗರು ಕೇಳಬಹುದು. ತಡೆಯುವುದಿಲ್ಲ. ಆ ಗಳಿಗೆಯ ಭಾರವನ್ನು ಹೊರುವುದು ನೀರೇ. ಅಗ್ರಿಕಾನಿನ ಸರಪಳಿಗಳ ನಡುವಿನ ಸಂದು ಕೆಲವೇ ನ್ಯಾನೋಮೀಟರ್. ಅಷ್ಟು ಇಕ್ಕಟ್ಟಿನಲ್ಲಿ ನೀರು ನುಸುಳಿ ಹೊರಬರಬೇಕಾದರೆ ಬಹಳ ಹೊತ್ತು ಬೇಕು. ಹೆಜ್ಜೆ ಮುಗಿಯುವುದು ಒಂದು ಸೆಕೆಂಡಿನೊಳಗೆ. ಓಡಿಹೋಗಲು ಸಮಯವಿಲ್ಲದ ನೀರಿನಲ್ಲಿ ಒತ್ತಡ ಥಟ್ಟನೆ ಏರಿ, ಆ ಕ್ಷಣದ ಭಾರದ ಹತ್ತರಲ್ಲಿ ಒಂಬತ್ತು ಪಾಲನ್ನು ಅದೇ ಹೊರುತ್ತದೆ. ವ್ಯಾನ್ ಮೌ ಮತ್ತು ಸಂಗಡಿಗರು 1980ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು.

ಹೊತ್ತು ಕಳೆದಂತೆ ಮಾತು ಬದಲಾಗುತ್ತದೆ. ಗಂಟೆಗಟ್ಟಲೆ ನಿಂತೇ ಇದ್ದರೆ ನೀರು ನಿಧಾನವಾಗಿ ಜಿನುಗಿ ಹೊರಗೆ ಹೋಗುತ್ತದೆ. ಹೋದಷ್ಟೂ ಒಳಗಿನ ಋಣಾವೇಶಗಳು ಒತ್ತಾಗುತ್ತವೆ. ಆಗ ಡಾನನ್ ಲೆಕ್ಕ ಮತ್ತೆ ಕೈಹಿಡಿಯುತ್ತದೆ. ಒಂದು ಜಾಗದಿಂದ ಅರ್ಧದಷ್ಟು ನೀರು ಹೋಯಿತು ಎಂದುಕೊಳ್ಳಿ. ಆವೇಶ 200 ಇದ್ದದ್ದು ಲೀಟರಿಗೆ 400 ಆಯಿತು. ಈಗ ಬೇಕಾದ ಜೋಡಿ 450 ಮತ್ತು 50, ಗುಣಿಸಿದರೆ ಸರಿಯಾಗಿ 22,500. ಮೊತ್ತ 500, ಹೊರಗಿನದಕ್ಕಿಂತ 200 ಹೆಚ್ಚು. ಒತ್ತಡ ಒಂದೂವರೆಯಿಂದ ಐದು ವಾಯುಭಾರಕ್ಕೆ ಏರಿತು. ನೀರು ಅರ್ಧವಾದರೆ ಎದುರೊತ್ತು ಮೂರು ಪಟ್ಟಿಗೂ ಹೆಚ್ಚು. ಹಿಂಡಿದಷ್ಟೂ ಹಿಂಡುವುದು ಕಷ್ಟವಾಗುತ್ತ ಹೋಗಿ ಒಂದು ಹಂತದಲ್ಲಿ ಭಾರಕ್ಕೆ ಸಮನಾಗಿ ನಿಲ್ಲುತ್ತದೆ. ಭಾರ ಇಳಿದ ಮೇಲೆ ಅದೇ ಒತ್ತಡ ನೀರನ್ನು ವಾಪಸು ಎಳೆದುಕೊಳ್ಳುತ್ತದೆ.

ಬೆನ್ನುಮೂಳೆಯ ನಡುವಿನ ಬಿಲ್ಲೆಗಳಲ್ಲಿ, ಅಂದರೆ ಡಿಸ್ಕ್‌ಗಳಲ್ಲಿ, ಇರುವುದೂ ಅಗ್ರಿಕಾನೇ. ಹಗಲೆಲ್ಲ ಓಡಾಡಿದಾಗ ಅವು ನೀರು ಬಿಟ್ಟುಕೊಟ್ಟು ನಮ್ಮ ಎತ್ತರ ಒಂದೂವರೆ ಎರಡು ಸೆಂಟಿಮೀಟರ್ ತಗ್ಗುತ್ತದೆ, ಅದರಲ್ಲಿ ಅರ್ಧದಷ್ಟು ಎದ್ದ ಮೊದಲ ಗಂಟೆಯಲ್ಲೇ. ರಾತ್ರಿ ಮಲಗಿದಾಗ ನೀರು ಮರಳುತ್ತದೆ. ಹಾಸಿಗೆಯಿಂದ ಎದ್ದ ಕೂಡಲೇ ಗೋಡೆಗೆ ಬೆನ್ನು ಹಚ್ಚಿ ನಿಂತು ತಲೆಯ ಮೇಲೆ ಗೆರೆ ಎಳೆಸಿಕೊಳ್ಳಿ, ಸಂಜೆ ಇನ್ನೊಂದು ಗೆರೆ ಎಳೆಸಿ. ಎರಡು ಗೆರೆಗಳ ನಡುವಿನ ಅಂತರ ಬಿಲ್ಲೆಗಳು ಕಳೆದುಕೊಂಡ ನೀರು. ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆ ಮಾಡಿ ನೋಡುವಂಥ ಪ್ರಯೋಗ ಇದು.

ಮಂಡಿ ಸವೆತದ ತಿರುಳು ಇರುವುದು ಇದೇ ಲೆಕ್ಕದ ಇನ್ನೊಂದು ಮಗ್ಗುಲಲ್ಲಿ. ಅಗ್ರಿಕಾನಿನ ಅರ್ಧ ಭಾಗ ನಷ್ಟವಾಯಿತು ಎನ್ನೋಣ. ನೆಟ್ಟ ಆವೇಶ 200 ಇದ್ದದ್ದು 100 ಆಯಿತು. ಈಗಿನ ಜೋಡಿ ಸುಮಾರು 208 ಮತ್ತು 108, ಮೊತ್ತ 316. ಹೊರಗಿನದಕ್ಕಿಂತ ಬರೀ 16 ಹೆಚ್ಚು. ಒತ್ತಡ ಒಂದೂವರೆ ವಾಯುಭಾರದಿಂದ 0.4ಕ್ಕೆ ಕುಸಿಯಿತು. ಅರ್ಧ ಸರಕು ಹೋದರೆ ಅರ್ಧ ಬಲ ಉಳಿಯಬಹುದು ಎಂದು ನಮ್ಮ ಅಂದಾಜು. ಆದರೆ ಉಳಿದದ್ದು ಕಾಲು ಭಾಗ. ಹೊರಗಿನ ದ್ರವದಲ್ಲಿ ಮೊದಲೇ ಬೇಕಾದಷ್ಟು ಉಪ್ಪಿರುವುದರಿಂದ ಒಳಗಿನ ಆವೇಶ ಕಡಿಮೆಯಾದಂತೆ ಕ್ಲೋರೈಡ್ ಸುಲಭವಾಗಿ ಒಳನುಗ್ಗುತ್ತದೆ, ಒಳಹೊರಗಿನ ವ್ಯತ್ಯಾಸ ಬೇಗ ಅಳಿಸಿಹೋಗುತ್ತದೆ. ಪಪೇನ್ ಕೊಟ್ಟ ಮೊಲದ ಕಿವಿಯ ಕಥೆಯೂ ಇದೇ. ಪಪೇನ್ ಸಕ್ಕರೆ ಸರಪಳಿಯನ್ನು ಮುಟ್ಟಲಿಲ್ಲ, ಅದು ಕತ್ತರಿಸಿದ್ದು ಪ್ರೋಟೀನಿನ ದಂಟನ್ನು. ದಂಟು ತುಂಡಾದೊಡನೆ ಸರಪಳಿಗಳು ಬಲೆಯಿಂದ ಜಾರಿ ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಹೊರಟುಹೋದವು. ಆವೇಶ ಹೋಯಿತು, ಹಿಂದೆಯೇ ಒತ್ತಡವೂ ಹೋಯಿತು.

ನಮ್ಮ ಮಂಡಿಯಲ್ಲಿ ಪಪೇನ್ ಇಲ್ಲ. ಅದರ ಕೆಲಸವನ್ನು ಮಾಡುವ ಸ್ವಂತ ಕಿಣ್ವಗಳಿವೆ, ಅವುಗಳಿಗೆ ಅಗ್ರಿಕಾನೇಸ್ ಎನ್ನುತ್ತಾರೆ. 1999ರಲ್ಲಿ ಮೊದಲನೆಯದು ಗುರುತಿಗೆ ಸಿಕ್ಕಿತು. ಅವೂ ದಂಟನ್ನೇ ಕತ್ತರಿಸುತ್ತವೆ, ಅದೂ ಬುಡಕ್ಕೆ ಹತ್ತಿರದ ಒಂದು ನಿರ್ದಿಷ್ಟ ಜಾಗದಲ್ಲಿ. ಹಾಗಾಗಿ ಒಂದೇ ಏಟಿಗೆ ಸರಪಳಿಗಳೆಲ್ಲ ಕೈತಪ್ಪುತ್ತವೆ. ಹಳೆಯ ಅಗ್ರಿಕಾನ್ ತೆಗೆದು ಹೊಸದನ್ನು ಕೂರಿಸುವ ನಿತ್ಯದ ಕೆಲಸದಲ್ಲೂ ಇವುಗಳಿಗೆ ಪಾಲಿದೆ. ಪೆಟ್ಟು ಬಿದ್ದಾಗ, ಉರಿಯೂತ ಆದಾಗ ಅವು ಮಿತಿಮೀರುತ್ತವೆ, ಕಟ್ಟುವ ಕೆಲಸ ಕಡಿಯುವ ಕೆಲಸಕ್ಕೆ ಸರಿಗಟ್ಟಲಾರದೆ ಹಿಂದೆ ಬೀಳುತ್ತದೆ. ಈ ಕಿಣ್ವಗಳಲ್ಲಿ ಒಂದನ್ನು ಇಲ್ಲವಾಗಿಸಿದ ಇಲಿಗಳಲ್ಲಿ ಮೃದ್ವಸ್ಥಿಯ ಸವೆತ ಕಡಿಮೆಯಾಯಿತೆಂದು 2005ರಲ್ಲಿ ಎರಡು ತಂಡಗಳು ತೋರಿಸಿದವು. ಅದೇ ಕಿಣ್ವವನ್ನು ತಡೆಯುವ ಔಷಧವೊಂದನ್ನು ಮನುಷ್ಯರ ಮೇಲೆ ಪರೀಕ್ಷಿಸಿಯೂ ಆಯಿತು. 2020ರಲ್ಲಿ ಬಂದ ಫಲಿತಾಂಶ ನಿರಾಸೆಯದು, ಮೃದ್ವಸ್ಥಿಯ ನಷ್ಟ ನಿಲ್ಲಲಿಲ್ಲ.

ಮೊಲಕ್ಕೆ ಸಾಧ್ಯವಾದ ಚೇತರಿಕೆ ನಮಗೇಕೆ ಕಷ್ಟ? ಮೊಲದ ಕಿವಿಯಲ್ಲಿ ಕೋಶಗಳು ಸಾಯಲಿಲ್ಲ, ಕೊಲ್ಲಾಜೆನ್ ಬಲೆಯೂ ಉಳಿದಿತ್ತು. ಕೋಶಗಳು ಹೊಸ ಅಗ್ರಿಕಾನ್ ನೆಯ್ದು ಖಾಲಿ ಬಲೆಯನ್ನು ತುಂಬಿದವು. ನಮ್ಮ ಮಂಡಿಯ ಕೋಶಗಳಿಗೂ ಆ ಶಕ್ತಿ ಇದೆ. ಅಗ್ರಿಕಾನ್ ಕೆಲವು ವರ್ಷಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಕೊಲ್ಲಾಜೆನ್ ಹಾಗಲ್ಲ. ಬೆಳವಣಿಗೆ ಮುಗಿದ ಮೇಲೆ ಅದು ಹೆಚ್ಚುಕಡಿಮೆ ಜೀವಮಾನಕ್ಕೆ ಒಮ್ಮೆ ನೆಯ್ದ ಬಲೆ. ಅಗ್ರಿಕಾನ್ ಹೋಗಿ ಒತ್ತಡ ಇಳಿದ ಮೃದ್ವಸ್ಥಿಯಲ್ಲಿ ಭಾರ ನೀರಿನ ಬದಲು ನಾರುಗಳ ಮೇಲೆ ಬೀಳುತ್ತದೆ, ನಾರುಗಳು ಹರಿಯುತ್ತವೆ. ಬಲೆ ಹರಿದ ಮೇಲೆ ಅಗ್ರಿಕಾನ್ ಎಷ್ಟು ನೆಯ್ದರೂ ಅದು ಬಿಗಿಯಾಗಿ ನಿಲ್ಲುವುದಿಲ್ಲ. ವಾಪಸು ಬರಬಹುದಾದ ನಷ್ಟ ಮತ್ತು ಬರಲಾರದ ನಷ್ಟದ ನಡುವಿನ ಗೆರೆ ಇಲ್ಲಿದೆ.

ಈ ಗೆರೆ ದಾಟಿದ್ದು ನಮಗೆ ತಿಳಿಯುವುದು ತಡವಾಗಿ. ಮೃದ್ವಸ್ಥಿಯಲ್ಲಿ ನರವಿಲ್ಲದ್ದರಿಂದ ಅದು ನೋವು ಹೇಳುವುದಿಲ್ಲ. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ, ಕಾಣುವುದು ಮೂಳೆಗಳ ನಡುವಿನ ಸಂದು. "ಗ್ಯಾಪ್ ಕಡಿಮೆಯಾಗಿದೆ" ಎಂದು ವೈದ್ಯರು ಹೇಳುವ ಹೊತ್ತಿಗೆ ಆವೇಶದ ಕಥೆ ಎಷ್ಟೋ ಹಿಂದೆ ನಡೆದುಹೋಗಿರುತ್ತದೆ. ಆದರೆ ಆ ಆವೇಶವನ್ನೇ ಹಿಡಿದು ನಷ್ಟವನ್ನು ಮೊದಲೇ ಕಾಣುವ ದಾರಿಗಳಿವೆ. ಪ್ರಯೋಗಾಲಯದಲ್ಲಿ ಸಫ್ರನಿನ್-ಓ ಎಂಬ ಕೆಂಪು ಬಣ್ಣ ಬಳಸುತ್ತಾರೆ. ಅದು ಧನಾವೇಶದ್ದು, ಋಣಾವೇಶ ಇರುವಲ್ಲೆಲ್ಲ ಹೋಗಿ ಕೂರುತ್ತದೆ. ಒಳ್ಳೆಯ ಮೃದ್ವಸ್ಥಿ ಕಡುಕೆಂಪಾಗುತ್ತದೆ, ಅಗ್ರಿಕಾನ್ ಹೋದ ಜಾಗ ಮಾಸಲಾಗಿ ಉಳಿಯುತ್ತದೆ. ಜೀವಂತ ಮನುಷ್ಯರಿಗೆ ಬೋಸ್ಟನ್ನಿನ ಸಂಶೋಧಕರು 1990ರ ದಶಕದಲ್ಲಿ ಇದರ ತಿರುಗುಮುರುಗು ಉಪಾಯ ಹುಡುಕಿದರು. ಋಣಾವೇಶದ ಗ್ಯಾಡೊಲಿನಿಯಂ ದ್ರವವನ್ನು ರಕ್ತಕ್ಕೆ ಕೊಟ್ಟು, ಕಾಲಾಡಿಸಲು ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಎಂಆರ್‌ಐ ತೆಗೆಯುವುದು. ಒಳ್ಳೆಯ ಮೃದ್ವಸ್ಥಿ ತನ್ನಂತೆಯೇ ಋಣಾವೇಶ ಹೊತ್ತ ಆ ವಸ್ತುವನ್ನು ದೂರ ತಳ್ಳುತ್ತದೆ. ಅಗ್ರಿಕಾನ್ ಕಳೆದುಕೊಂಡ ಜಾಗಕ್ಕೆ ಅದು ನುಗ್ಗಿ ಚಿತ್ರದಲ್ಲಿ ಬೇರೆಯಾಗಿ ತೋರುತ್ತದೆ. ಇದು ಹೆಚ್ಚಾಗಿ ಸಂಶೋಧನೆಯಲ್ಲೇ ಉಳಿದಿರುವ ವಿಧಾನ. ಮಂಡಿನೋವೆಂದು ಹೋದವರಿಗೆಲ್ಲ ಮಾಡುವಂಥದ್ದಲ್ಲ.

ಸರಪಳಿ ಇದ್ದೂ ಆವೇಶ ಮಾತ್ರ ಕಡಿಮೆಯಾದರೆ ಏನಾಗುತ್ತದೆ ಎಂಬುದಕ್ಕೂ ಪ್ರಕೃತಿಯಲ್ಲಿ ಉದಾಹರಣೆ ಇದೆ, ನೋವಿನ ಉದಾಹರಣೆ. ಜೀವಕೋಶದೊಳಕ್ಕೆ ಸಲ್ಫೇಟನ್ನು ಸಾಗಿಸುವ ಒಂದು ಪ್ರೋಟೀನಿನ ಜೀನ್‌ನಲ್ಲಿ ದೋಷವಿದ್ದು ಹುಟ್ಟುವ ಮಕ್ಕಳಿದ್ದಾರೆ. ಈ ಕಾಯಿಲೆ ಫಿನ್ಲೆಂಡಿನಲ್ಲಿ ಉಳಿದೆಡೆಗಳಿಗಿಂತ ಹೆಚ್ಚು. ಅದರ ಜೀನ್ 1994ರಲ್ಲಿ ಪತ್ತೆಯಾಯಿತು. ಈ ಮಕ್ಕಳು ಕಾಂಡ್ರಾಯ್ಟಿನ್ ಸರಪಳಿಯನ್ನು ಕಟ್ಟುತ್ತಾರೆ, ಆದರೆ ಅದರ ಮೇಲೆ ಕೂರಬೇಕಾದಷ್ಟು ಸಲ್ಫೇಟ್ ಇರುವುದಿಲ್ಲ. ಮೂಳೆ ಉದ್ದ ಬೆಳೆಯುವುದು ಮೃದ್ವಸ್ಥಿಯ ಮೂಲಕವೇ ಆದ್ದರಿಂದ ಕೈಕಾಲು ಗಿಡ್ಡವಾಗುತ್ತವೆ, ಪಾದ ತಿರುಚಿಕೊಳ್ಳುತ್ತದೆ, ಕೀಲುಗಳು ಬೇಗ ಹಾಳಾಗುತ್ತವೆ. ಹುಟ್ಟಿದ ಕೆಲವೇ ವಾರಗಳಲ್ಲಿ ಹಲವರ ಕಿವಿಯ ಮೃದ್ವಸ್ಥಿಯೂ ಊದಿ ವಿಕಾರವಾಗುತ್ತದೆ. ಸಲ್ಫೇಟಿನ ಬೆಲೆ ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಸಾಕ್ಷ್ಯ ನನಗೆ ಗೊತ್ತಿಲ್ಲ.

ಇಷ್ಟು ತಿಳಿದ ಮೇಲೆ ಮಾತ್ರೆಯ ಪಟ್ಟಿಗೆ ಬರೋಣ. ಮೃದ್ವಸ್ಥಿಯಲ್ಲಿ ಕಾಂಡ್ರಾಯ್ಟಿನ್ ಸಲ್ಫೇಟ್ ಕಡಿಮೆಯಾಗಿದೆ, ಆದ್ದರಿಂದ ಅದನ್ನೇ ನುಂಗಿ ಎನ್ನುವ ವಾದ ಕೇಳಲು ಸರಿಯೆನಿಸುತ್ತದೆ. ಅದು ಎಲ್ಲೆಲ್ಲಿ ಎಡವುತ್ತದೆ ನೋಡಿ. ನುಂಗಿದ ಸರಪಳಿಯ ಬಹುಪಾಲು ಇಡಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಕರುಳಿನಲ್ಲೇ ತುಂಡಾಗುತ್ತದೆ. ಸೇರಿದ ಸ್ವಲ್ಪ ಭಾಗ ಮಂಡಿಯ ತನಕ ಹೋಯಿತೆಂದೇ ಇಟ್ಟುಕೊಳ್ಳೋಣ. ಅದು ಋಣಾವೇಶದ ಉದ್ದ ಸರಪಳಿ, ಮೃದ್ವಸ್ಥಿಯೂ ಋಣಾವೇಶದ್ದು. ಗ್ಯಾಡೊಲಿನಿಯಂ ದ್ರವವನ್ನು ತಳ್ಳಿದ ಬೇಲಿಯೇ ಇದನ್ನೂ ತಳ್ಳುತ್ತದೆ. ಹೇಗೋ ಒಳಗೆ ಸೇರಿದರೂ ಅದನ್ನು ಪ್ರೋಟೀನಿನ ದಂಟಿಗೆ ಜೋಡಿಸುವವರು ಹೊರಗೆ ಯಾರೂ ಇಲ್ಲ. ದಂಟಿನ ಮೇಲೆ ಸರಪಳಿ ಬೆಳೆಯುವುದು ಜೀವಕೋಶದ ಒಳಗೆ, ಒಂದೊಂದೇ ಸಕ್ಕರೆ ಸೇರುತ್ತ. ದಂಟಿಲ್ಲದ ಸರಪಳಿ ಬಲೆಯಲ್ಲಿ ನಿಲ್ಲದು, ಮೊಲದ ಮೈಯಿಂದ ಹೋದ ಹಾಗೆಯೇ ಹೋಗುತ್ತದೆ.

ತರ್ಕ ಒಂದೇ ಸಾಲದು, ರೋಗಿಗಳ ಮೇಲಿನ ಪರೀಕ್ಷೆ ಏನು ಹೇಳುತ್ತದೆ ಎಂದು ಕೇಳಬೇಕು. ಅಮೆರಿಕದಲ್ಲಿ 1,583 ಮಂಡಿನೋವಿನ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಗ್ಲುಕೋಸಮಿನ್, ಕಾಂಡ್ರಾಯ್ಟಿನ್, ಎರಡೂ ಸೇರಿದ್ದು, ಯಾವುದೂ ಒಟ್ಟಾರೆ ನೋಡಿದಾಗ ಔಷಧವಿಲ್ಲದ ಹುಸಿಮಾತ್ರೆಗಿಂತ ಹೆಚ್ಚಾಗಿ ನೋವನ್ನು ತಗ್ಗಿಸಲಿಲ್ಲ. ಹುಸಿಮಾತ್ರೆ ತೆಗೆದುಕೊಂಡವರಲ್ಲೇ ನೂರಕ್ಕೆ ಅರವತ್ತು ಮಂದಿಗೆ ನೋವು ಗಮನಾರ್ಹವಾಗಿ ಇಳಿದಿತ್ತು. ಮಾತ್ರೆಯಿಂದ ಗುಣವಾಯಿತು ಎನ್ನುವ ನೆರೆಹೊರೆಯವರ ಮಾತು ಸುಳ್ಳಲ್ಲ, ಆದರೆ ಗುಣಕ್ಕೆ ಕಾರಣ ಕಾಂಡ್ರಾಯ್ಟಿನ್ ಎನ್ನಲು ಅದು ಆಧಾರವಾಗುವುದಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಮಂಡಿ ಮತ್ತು ಸೊಂಟದ ಕೀಲು ಸವೆತಕ್ಕೆ ಈ ಎರಡೂ ಬೇಡವೆಂದು ಬಲವಾಗಿಯೇ ಹೇಳಿದೆ. ಅದೇ ಮಾರ್ಗಸೂಚಿ ಬಲವಾಗಿ ಬೇಕು ಎಂದದ್ದು ವ್ಯಾಯಾಮ, ಮತ್ತು ತೂಕ ಹೆಚ್ಚಿದ್ದವರಿಗೆ ತೂಕ ಇಳಿಸುವುದು.

ಅದಕ್ಕೂ ಅಗ್ರಿಕಾನಿನ ಲೆಕ್ಕಕ್ಕೂ ನಂಟಿದೆ. ನಾಯಿಗಳ ಕಾಲನ್ನು ಕೆಲವು ವಾರ ಪ್ಲಾಸ್ಟರಿನಲ್ಲಿ ಕಟ್ಟಿಟ್ಟಾಗ ಅವುಗಳ ಮಂಡಿಯ ಮೃದ್ವಸ್ಥಿಯಲ್ಲಿ ಪ್ರೋಟಿಯೋಗ್ಲೈಕಾನ್ ಕಡಿಮೆಯಾಯಿತು, ಬಿಚ್ಚಿ ಓಡಾಡಲು ಬಿಟ್ಟ ಮೇಲೆ ಬಹುಮಟ್ಟಿಗೆ ಮರಳಿತು. ಪ್ರಯೋಗಾಲಯದಲ್ಲಿ ಮೃದ್ವಸ್ಥಿಯ ಚೂರನ್ನು ಒಂದೇ ಸಮ ಒತ್ತಿಹಿಡಿದರೆ ಕೋಶಗಳು ಅಗ್ರಿಕಾನ್ ನೆಯ್ಯುವುದನ್ನು ಕಡಿಮೆ ಮಾಡುತ್ತವೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ ಹೆಚ್ಚಿಸುತ್ತವೆ. ಮಂಡಿ ನೋಯುತ್ತದೆಂದು ದಿನವಿಡೀ ಕುರ್ಚಿಯಲ್ಲಿ ಕೂತಿರುವ ಹಿರಿಯರು ಮನೆಯಲ್ಲಿದ್ದರೆ, ಎಷ್ಟು ನಡೆಯಬಹುದು, ತೊಡೆಯ ಸ್ನಾಯುಗಳಿಗೆ ಯಾವ ವ್ಯಾಯಾಮ ಸರಿ ಎಂದು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ ಅವರನ್ನು ಎಬ್ಬಿಸಿ. ಮಾತ್ರೆಗೆ ತಿಂಗಳು ತಿಂಗಳು ಹೋಗುವ ಹಣದಲ್ಲಿ ಅವರಿಗೊಂದು ಒಳ್ಳೆಯ ಜೋಡಿ ಚಪ್ಪಲಿ ಕೊಡಿಸಿ.